ಕಂಪನಿ ಕೈ ಬದಲಾದಾಗ ಗ್ರಾಹಕರಿಗೆ ತಿಳಿಸುವುದು ಹೇಗೆ: ಫೋನ್ ನಂಬರಿನಿಂದ ಬಿಲ್‌ವರೆಗೆ

ಕಂಪನಿ ಮಾರಾಟವಾದಾಗ, ಅಥವಾ ಇನ್ನೊಂದರ ಜೊತೆ ವಿಲೀನವಾದಾಗ ಗ್ರಾಹಕರಿಗೆ ಹೋಗುವ ಪತ್ರಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಎರಡೂ ಕಂಪನಿಗಳ ಹಿನ್ನೆಲೆ, ಆಡಳಿತ ಮಂಡಳಿಯ ಸಂತೋಷ, ಮುಂದಿನ ದಿನಗಳ ಭರವಸೆ. ಗ್ರಾಹಕರಿಗೆ ಬೇಕಾದದ್ದು ಮಾತ್ರ ಅದರಲ್ಲಿ ಇರುವುದಿಲ್ಲ. ನಾಳೆ ಯುಪಿಎಸ್ ಕೈಕೊಟ್ಟರೆ ಯಾರಿಗೆ ಫೋನ್ ಮಾಡಬೇಕು? ನಾವು ಸಹಿ ಹಾಕಿದ ಒಪ್ಪಂದ ಉಳಿಯಿತೋ ಹೋಯಿತೋ? ಮೇಜಿನ ಮೇಲಿರುವ ಬಿಲ್ಲಿನ ದುಡ್ಡನ್ನು ಯಾವ ಖಾತೆಗೆ ಹಾಕಬೇಕು?

ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಕ್ರಮವನ್ನು ಒಂದು ಉದಾಹರಣೆ ಹಿಡಿದು ನೋಡೋಣ. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದುಕೊಳ್ಳಿ. ಯುಪಿಎಸ್, ಇನ್ವರ್ಟರ್, ಬ್ಯಾಟರಿಗಳ ವಾರ್ಷಿಕ ನಿರ್ವಹಣೆ, ಅಂದರೆ ಎಎಂಸಿ, ಅದರ ಕೆಲಸ. ನರ್ಸಿಂಗ್ ಹೋಮ್, ಬ್ಯಾಂಕ್ ಶಾಖೆ, ಕಾಲೇಜು, ಒಂದೆರಡು ಸರ್ಕಾರಿ ಕಚೇರಿ, ಎಲ್ಲ ಸೇರಿ 140 ಗ್ರಾಹಕರು. ಬೆಂಗಳೂರಿನ ದೊಡ್ಡ ಕಂಪನಿಯೊಂದು ಈ ವ್ಯವಹಾರವನ್ನು ಕೆಲಸಗಾರರು, ಒಪ್ಪಂದಗಳು, ಸ್ಪೇರ್ ಸಾಮಾನು ಸಮೇತ ಕೊಳ್ಳುತ್ತಿದೆ. ಅಕ್ಟೋಬರ್ 1ರಿಂದ ವ್ಯವಹಾರ ಅವರದು. ಮುಂದೆ ಇವರನ್ನು ಹಳೇ ಕಂಪನಿ, ಹೊಸ ಕಂಪನಿ ಎಂದೇ ಕರೆಯುತ್ತೇನೆ.

ಹಂತ 1: ಬಿಲ್ಲಿನ ಮೇಲಿನ ಪ್ಯಾನ್ ಬದಲಾಗುತ್ತದೆಯೇ?

ಪತ್ರ ಬರೆಯುವ ಮೊದಲು ಇದೊಂದನ್ನು ಖಚಿತ ಮಾಡಿಕೊಳ್ಳಿ. ಬಿಲ್ ಮೇಲಿನ ಜಿಎಸ್‌ಟಿ ನಂಬರ್‌ನಲ್ಲಿ 15 ಅಕ್ಷರ ಇರುತ್ತವೆ. ಮೊದಲ ಎರಡು ಅಂಕೆ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅಕ್ಷರ ಕಂಪನಿಯ ಪ್ಯಾನ್. ಈ ಹತ್ತು ಬದಲಾದರೆ ಗ್ರಾಹಕರ ಪಾಲಿಗೆ ನೀವು ಬೇರೆಯೇ ಸರಬರಾಜುದಾರ. ಬದಲಾಗದಿದ್ದರೆ ಕೆಲಸ ಬಹಳ ಹಗುರ.

ಷೇರು ಮಾರಾಟವಾದರೆ ಪ್ಯಾನ್ ಬದಲಾಗುವುದಿಲ್ಲ. ಮಾಲೀಕರು ಬೇರೆಯಾದರು, ಕಂಪನಿ ಅದೇ. ಜಿಎಸ್‌ಟಿ ನಂಬರ್, ಬ್ಯಾಂಕ್ ಖಾತೆ, ಒಪ್ಪಂದ ಎಲ್ಲವೂ ಹಾಗೇ ಮುಂದುವರಿಯುತ್ತವೆ. ಆಮೇಲೆ ಕಂಪನಿಯ ಹೆಸರು ಬದಲಿಸಿದರೂ ಪ್ಯಾನ್ ಅದೇ ಇರುತ್ತದೆ. ಹಾಗೆ ಹೆಸರು ಬದಲಿಸಿದ ಕಂಪನಿ ಎರಡು ವರ್ಷ ತನ್ನ ಲೆಟರ್‌ಹೆಡ್, ಬಿಲ್‌ಗಳ ಮೇಲೆ ಹಳೇ ಹೆಸರನ್ನೂ ಹಾಕಬೇಕೆಂದು ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಗ್ರಾಹಕರಿಗೂ ಅದರಿಂದ ಅನುಕೂಲ.

ಕಾನೂನುಬದ್ಧ ವಿಲೀನ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ಆದೇಶದ ಮೂಲಕ ಒಂದು ಕಂಪನಿ ಇನ್ನೊಂದರಲ್ಲಿ ಕರಗಿಹೋಗುವುದು, ಬೇರೆ ದಾರಿ. ಇಲ್ಲಿ ಹಳೇ ಪ್ಯಾನ್ ನಿಲ್ಲುತ್ತದೆ. ಒಪ್ಪಂದಗಳು ಆದೇಶದ ಬಲದಿಂದಲೇ ಹೊಸ ಕಂಪನಿಗೆ ಬರುತ್ತವೆ. ಇದರಲ್ಲಿ ತಾರೀಕಿನ ಗೊಂದಲ ಜಾಸ್ತಿ. ವಿಲೀನದ ಯೋಜನೆಯಲ್ಲಿ 'ಅಪಾಯಿಂಟೆಡ್ ಡೇಟ್' ಎಂದು ಒಂದು ಹಿಂದಿನ ತಾರೀಕು ಇರುತ್ತದೆ. ಅದು ಲೆಕ್ಕಪತ್ರಕ್ಕೆ ಸಂಬಂಧಿಸಿದ್ದು. ಜಿಎಸ್‌ಟಿ ಕಾಯ್ದೆಯ 87ನೇ ಸೆಕ್ಷನ್ ಪ್ರಕಾರ ಆದೇಶದ ದಿನದವರೆಗೂ ಎರಡೂ ಬೇರೆ ಬೇರೆ ಕಂಪನಿಗಳೇ. ಗ್ರಾಹಕರ ಪತ್ರದಲ್ಲಿ ಅಪಾಯಿಂಟೆಡ್ ಡೇಟ್ ಬರೆದರೆ, ಅವರ ಅಕೌಂಟೆಂಟ್ ಕಳೆದ ಆರು ತಿಂಗಳ ಬಿಲ್ಲುಗಳನ್ನೆಲ್ಲ ಬದಲಿಸಬೇಕೇನೋ ಎಂದು ಗಾಬರಿಯಾಗುತ್ತಾರೆ. ಹೊಸ ಹೆಸರಿನಲ್ಲಿ ಬಿಲ್ ಬರುವ ದಿನವನ್ನು ಮಾತ್ರ ಬರೆಯಿರಿ.

ನಮ್ಮ ಹುಬ್ಬಳ್ಳಿ ಉದಾಹರಣೆ ಮೂರನೆಯ ಬಗೆ, ವ್ಯವಹಾರದ ಮಾರಾಟ. ಹಳೇ ಕಂಪನಿ ಬದುಕಿಯೇ ಇರುತ್ತದೆ, ಒಳಗಿನ ವ್ಯವಹಾರ ಮಾತ್ರ ಹೊಸ ಕಂಪನಿಗೆ ಹೋಗುತ್ತದೆ. ಪ್ಯಾನ್ ಬದಲಾಗುತ್ತದೆ, ಒಪ್ಪಂದಗಳು ತಾವಾಗಿ ಬರುವುದಿಲ್ಲ. ಗ್ರಾಹಕರಿಗೆ ತಿಳಿಸುವ ಕೆಲಸ ಇದರಲ್ಲೇ ಅತಿ ಹೆಚ್ಚು. ಅದಕ್ಕೇ ಇದನ್ನು ಆರಿಸಿಕೊಂಡೆ.

ಹಂತ 2: 140 ಒಪ್ಪಂದಗಳನ್ನು ತೆರೆದು ನೋಡಿ

ಅಕ್ಟೋಬರ್ 1ಕ್ಕೆ ಕೈ ಬದಲಾಗುವುದಾದರೆ ಈ ಕೆಲಸ ಆಗಸ್ಟ್ ಮಧ್ಯಕ್ಕೇ ಶುರುವಾಗಬೇಕು. ಒಂದು ಶೀಟ್ ಮಾಡಿ, ಸಾಲಿಗೊಬ್ಬ ಗ್ರಾಹಕ. ಪ್ರತಿ ಒಪ್ಪಂದದಲ್ಲಿ ಹುಡುಕಬೇಕಾದದ್ದು ಮೂರೇ ಕಲಮು.

ಮೊದಲನೆಯದು 'ಅಸೈನ್‌ಮೆಂಟ್'. ಒಪ್ಪಂದವನ್ನು ಬೇರೆಯವರಿಗೆ ವಹಿಸಲು ಗ್ರಾಹಕರ ಲಿಖಿತ ಒಪ್ಪಿಗೆ ಬೇಕೇ ಎಂದು ಅದು ಹೇಳುತ್ತದೆ. ಕಲಮೇ ಇಲ್ಲದಿದ್ದರೆ ಒಪ್ಪಿಗೆ ಬೇಡ ಎಂದು ತಿಳಿಯಬೇಡಿ. ನಮ್ಮ ಕಾನೂನಿನಲ್ಲಿ ಒಪ್ಪಂದದಿಂದ ಬರಬೇಕಾದ ಹಕ್ಕನ್ನು ಇನ್ನೊಬ್ಬರಿಗೆ ವಹಿಸಬಹುದು. ಮಾಡಬೇಕಾದ ಕೆಲಸದ ಹೊಣೆಯನ್ನು ಎದುರಿನವರು ಒಪ್ಪದೆ ಇನ್ನೊಬ್ಬರ ಮೇಲೆ ಹಾಕಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಎಎಂಸಿ ಪೂರ್ತಿ ಹೊಣೆಯ ಮೇಲೇ ನಿಂತಿದೆ, ಅಲ್ವಾ? ಹಾಗಾಗಿ ಹಳೇ ಕಂಪನಿ, ಹೊಸ ಕಂಪನಿ, ಗ್ರಾಹಕ ಮೂವರೂ ಸಹಿ ಹಾಕುವ ಒಂದು ಪುಟದ ಕಾಗದ ಒಳ್ಳೆಯದು. ಇದಕ್ಕೆ ನೊವೇಶನ್ ಎನ್ನುತ್ತಾರೆ. ಒಪ್ಪಂದ ಕಾಯ್ದೆಯ 62ನೇ ಸೆಕ್ಷನ್ ಇದಕ್ಕೆ ಆಧಾರ.

ಎರಡನೆಯದು ನೋಟಿಸ್ ಕಲಮು. ತಿಳಿವಳಿಕೆ ಪತ್ರ ಯಾವ ವಿಳಾಸಕ್ಕೆ, ಯಾವ ರೀತಿ ಹೋಗಬೇಕೆಂದು ಇದರಲ್ಲಿ ಇರುತ್ತದೆ. ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಮುಖ್ಯ ಕಚೇರಿಗೆ ಎಂದು ಬರೆದಿದ್ದರೆ, ಶಾಖೆಯ ಮ್ಯಾನೇಜರ್‌ಗೆ ವಾಟ್ಸಾಪ್ ಮಾಡಿದ್ದು ತಿಳಿಸಿದಂತೆ ಆಗುವುದಿಲ್ಲ. ಕಾಗದಕ್ಕೆ ಕಾಗದ ಕಳಿಸಿ, ಮೇಲೆ ಇಮೇಲ್ ಬೇಕಾದರೂ ಮಾಡಿ.

ಮೂರನೆಯದು ಠೇವಣಿ ಮತ್ತು ಬ್ಯಾಂಕ್ ಗ್ಯಾರಂಟಿ. ಸರ್ಕಾರಿ ಕಚೇರಿಯ ಟೆಂಡರ್ ಕೆಲಸವಾದರೆ ಹಳೇ ಕಂಪನಿಯ ಪರವಾಗಿ ಅದರ ಬ್ಯಾಂಕ್ ಗ್ಯಾರಂಟಿ ಕೊಟ್ಟಿರುತ್ತದೆ. ಅದು ಹೊಸ ಕಂಪನಿಯ ಕೆಲಸಕ್ಕೆ ನಿಲ್ಲುವುದಿಲ್ಲ. ಹೊಸ ಕಂಪನಿ ತನ್ನ ಗ್ಯಾರಂಟಿ ಕೊಟ್ಟ ಮೇಲೇ ಹಳೆಯದನ್ನು ವಾಪಸ್ ಕೇಳಬೇಕು. ಇಂಥ ಗ್ರಾಹಕರಿಗೆ "ತಿಳಿಸುವುದು" ಸಾಲದು, ಮೊದಲೇ ಅನುಮತಿ ಕೇಳಬೇಕು. ಫೈಲ್ ಮೇಲಿನ ಮೇಜಿಗೆ ಹೋಗಿ ಬರಲು ಎಷ್ಟು ದಿನ ಆಗುತ್ತದೆ ಎಂದು ನಿಮಗೇ ಗೊತ್ತು. ಅಕ್ಟೋಬರ್ 1ರೊಳಗೆ ಅನುಮತಿ ಬರದಿದ್ದರೆ ಆ ಒಪ್ಪಂದ ಹಳೇ ಕಂಪನಿಯ ಹೆಸರಲ್ಲೇ ಇರಲಿ. ಹಳೇ ಕಂಪನಿಯೇ ಬಿಲ್ ಮಾಡಲಿ, ಹೊಣೆಯೂ ಅದರದ್ದೇ ಇರಲಿ. ಹೊಸ ಕಂಪನಿಯ ಎಂಜಿನಿಯರ್ ಕೈಯಲ್ಲಿ ಕೆಲಸ ಮಾಡಿಸಲು ಟೆಂಡರ್‌ನ ಉಪಗುತ್ತಿಗೆ ಷರತ್ತು ಒಪ್ಪುತ್ತದೆಯೇ ಎಂದು ಮಾತ್ರ ಮೊದಲು ನೋಡಿ.

ಶೀಟ್ ಮುಗಿದಾಗ ಗ್ರಾಹಕರು ಮೂರು ಗುಂಪಾಗುತ್ತಾರೆ: ಮೊದಲೇ ಅನುಮತಿ ಬೇಕಾದವರು, ಮೂವರ ಸಹಿಯ ಕಾಗದ ಸಾಕಾದವರು, ಬರೀ ಪರ್ಚೇಸ್ ಆರ್ಡರ್ ಮೇಲೆ ನಡೆಯುತ್ತಿರುವವರು. ಕೊನೆಯ ಗುಂಪಿಗೆ ಹೊಸ ಹೆಸರಿನಲ್ಲಿ ಪರ್ಚೇಸ್ ಆರ್ಡರ್ ಬದಲಿಸಿಕೊಡಿ ಎಂದು ಕೇಳಿದರೆ ಆಯಿತು.

ಹಂತ 3: ಯಾರಿಗೆ ಮೊದಲು, ಯಾರ ಬಾಯಿಂದ

ಮಾರಾಟದ ಒಪ್ಪಂದಕ್ಕೆ ಸಹಿ ಬೀಳುವವರೆಗೆ ಹೊರಗೆ ಹೇಳುವ ಹಾಗಿಲ್ಲ. ಎರಡರಲ್ಲಿ ಒಂದು ಷೇರುಪೇಟೆಯಲ್ಲಿ ಇರುವ ಕಂಪನಿಯಾದರೆ, ಷೇರುಪೇಟೆಗೆ ತಿಳಿಸುವ ಮುಂಚೆ ಗ್ರಾಹಕರಿಗೆ ಬಾಯಿ ಬಿಡುವುದು ಸೆಬಿ ನಿಯಮದ ತೊಡಕಿಗೆ ಎಡೆ ಮಾಡುತ್ತದೆ. ಸಹಿ ಬಿದ್ದ ಮೇಲೆ ಮೊದಲು ಹೇಳಬೇಕಾದದ್ದು ನಿಮ್ಮ ಫೀಲ್ಡ್ ಎಂಜಿನಿಯರ್‌ಗಳಿಗೆ. ಗ್ರಾಹಕರು ಸುದ್ದಿ ಕೇಳಿದ ತಕ್ಷಣ ಫೋನ್ ಮಾಡುವುದು ಎಂಡಿಗೆ ಅಲ್ಲ, ತಮ್ಮ ಹತ್ತಿರ ಬರುವ ಹುಡುಗನಿಗೆ. "ಏನಪ್ಪಾ, ಕಂಪನಿ ಮಾರಿದ್ರಂತೆ, ಇನ್ನು ನೀನೇ ಬರ್ತೀಯೋ ಇಲ್ವೋ?" ಆಗ ಅವನು "ನಂಗೇನೂ ಗೊತ್ತಿಲ್ಲ ಸರ್" ಎಂದರೆ ನಿಮ್ಮ ಪತ್ರದ ಬೆಲೆ ಅಲ್ಲಿಗೇ ಹೋಯಿತು.

ಬೆಳಿಗ್ಗೆ ಸಿಬ್ಬಂದಿಗೆ ಹೇಳಿ, ಅದೇ ದಿನ ದೊಡ್ಡ ಗ್ರಾಹಕರಿಗೆ ಹಳೇ ಮಾಲೀಕರೇ ಫೋನ್ ಮಾಡಲಿ. ಹೊಸ ಕಂಪನಿಯವರು ಮೊದಲ ಕರೆ ಮಾಡಬಾರದು. ಅವರ ದನಿ ಗ್ರಾಹಕರಿಗೆ ಪರಿಚಯವೇ ಇಲ್ಲ. ಪತ್ರ ಮಾರನೇ ದಿನ ಹೊರಡಲಿ, ಇಬ್ಬರ ಸಹಿಯೊಂದಿಗೆ. ಯಾವ ಪತ್ರವೂ ಸೆಪ್ಟೆಂಬರ್ 1 ದಾಟಬಾರದು. ಗ್ರಾಹಕರ ಕಡೆ ಹೊಸ ವೆಂಡರ್ ಕೋಡ್, ಅಂದರೆ ಅವರ ಲೆಕ್ಕದಲ್ಲಿ ಸರಬರಾಜುದಾರರನ್ನು ಗುರುತಿಸುವ ನಂಬರ್, ತೆರೆಯಲು ಕನಿಷ್ಠ ಒಂದು ತಿಂಗಳು ಸಮಯ ಕೊಡಬೇಕು.

ಹಂತ 4: ಮೊದಲ ಪತ್ರ

ಒಂದೇ ಪತ್ರದಲ್ಲಿ ಎಲ್ಲವನ್ನೂ ತುಂಬಬೇಡಿ. ನರ್ಸಿಂಗ್ ಹೋಮ್‌ನಲ್ಲಿ ಯುಪಿಎಸ್ ನೋಡಿಕೊಳ್ಳುವವರು ಬೇರೆ, ಬಿಲ್ ಪಾಸ್ ಮಾಡುವವರು ಬೇರೆ. ಮೊದಲ ಪತ್ರ ಎಲ್ಲರಿಗೂ, ಒಂದೇ ಪುಟ. ಎರಡನೆಯದು ಅಕೌಂಟ್ಸ್‌ಗೆ ಮಾತ್ರ. ಮೊದಲನೆಯದರ ಒಕ್ಕಣೆ ಹೀಗಿರಬಹುದು:

> ಮಾನ್ಯರೇ,
>
> ನಿಮ್ಮ ಯುಪಿಎಸ್ ಎಎಂಸಿ ನೋಡಿಕೊಳ್ಳುತ್ತಿರುವ ನಮ್ಮ ವ್ಯವಹಾರ ಅಕ್ಟೋಬರ್ 1ರಿಂದ [ಹೊಸ ಕಂಪನಿ] ಅವರಿಗೆ ಸೇರಲಿದೆ.
>
> ಬದಲಾಗದೇ ಇರುವುದು: ನಿಮ್ಮ ಎಎಂಸಿ ದರ, ಅವಧಿ ಮತ್ತು ಷರತ್ತುಗಳು. ದೂರು ಕೊಟ್ಟ ಮೇಲೆ ನಾಲ್ಕು ಗಂಟೆಯೊಳಗೆ ಬರುವ ನಿಯಮ. ನಿಮ್ಮಲ್ಲಿಗೆ ಬರುವ ಎಂಜಿನಿಯರ್. ದೂರು ಕೊಡುವ ಫೋನ್ ನಂಬರ್.
>
> ಬದಲಾಗುವುದು: ಬಿಲ್ ಮೇಲಿನ ಹೆಸರು, ಪ್ಯಾನ್, ಜಿಎಸ್‌ಟಿ ನಂಬರ್, ಬ್ಯಾಂಕ್ ಖಾತೆ. ಇದರ ವಿವರ ನಿಮ್ಮ ಅಕೌಂಟ್ಸ್ ವಿಭಾಗಕ್ಕೆ ಬೇರೆ ಪತ್ರದಲ್ಲಿ ಬರುತ್ತದೆ. ಆ ಪತ್ರ ತಲುಪಿ, ನೀವು ಫೋನಿನಲ್ಲಿ ಖಚಿತಪಡಿಸಿಕೊಳ್ಳುವವರೆಗೆ ಖಾತೆ ಬದಲಿಸಬೇಡಿ.
>
> ನೀವು ಮಾಡಬೇಕಾದದ್ದು: ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಸೆಪ್ಟೆಂಬರ್ 15ರೊಳಗೆ ಕಳಿಸಿ.
>
> ಈ ವರ್ಷದ ಎಎಂಸಿಗೆ ಈಗಾಗಲೇ ಹಣ ಕಟ್ಟಿದ್ದರೆ ಮತ್ತೆ ಕಟ್ಟಬೇಕಾಗಿಲ್ಲ.

"ಬದಲಾಗದೇ ಇರುವುದು" ಮೊದಲು ಬರಬೇಕು, ಅದರಲ್ಲಿ ಬರೆದದ್ದು ನಿಜವಾಗಿರಬೇಕು. ಎಂಜಿನಿಯರ್ ಹೊಸ ಕಂಪನಿಗೆ ಬರಲು ಒಪ್ಪಿದ್ದಾನೋ ಇಲ್ಲವೋ ಗೊತ್ತಿಲ್ಲದೆ "ಅದೇ ಎಂಜಿನಿಯರ್" ಎಂದು ಬರೆಯಬೇಡಿ. ದರದ ವಿಷಯವೂ ಅಷ್ಟೇ. ಏಪ್ರಿಲ್‌ನಲ್ಲಿ ದರ ಏರಿಸುವ ಯೋಚನೆ ಇದ್ದರೆ "ಈ ಒಪ್ಪಂದದ ಅವಧಿ ಮುಗಿಯುವವರೆಗೆ ದರ ಇದೇ" ಎಂದು ಬರೆಯಿರಿ. "ಏನೂ ಬದಲಾಗುವುದಿಲ್ಲ" ಎಂದು ಬರೆದು ಆಮೇಲೆ ಏರಿಸಿದರೆ ಗ್ರಾಹಕರು ಆ ಪತ್ರವನ್ನೇ ತೆಗೆದು ತೋರಿಸುತ್ತಾರೆ, ತೋರಿಸಬೇಕು ಕೂಡ.

ಹಂತ 5: ಬಿಲ್ಲುಗಳ ಗೆರೆ ಎಲ್ಲಿ ಎಳೆಯಬೇಕು

ಅತಿ ಹೆಚ್ಚು ತಕರಾರು ಬರುವುದು ಇಲ್ಲಿ. ನಿಯಮ ಮಾತ್ರ ಸರಳ. ಕೆಲಸ ಯಾರು ಮಾಡಿದರೋ ಬಿಲ್ ಅವರದು. ಸೆಪ್ಟೆಂಬರ್ 28ಕ್ಕೆ ಹಳೇ ಕಂಪನಿ ಮಾಡಿದ ರಿಪೇರಿಗೆ ಅಕ್ಟೋಬರ್ 5ಕ್ಕೆ ಬಿಲ್ ಹಾಕಿದರೂ ಅದು ಹಳೇ ಜಿಎಸ್‌ಟಿ ನಂಬರ್‌ನಲ್ಲೇ ಇರಬೇಕು. ಹೊಸ ಕಂಪನಿ ಬಿಲ್ ಹಾಕಿದರೆ, ಗ್ರಾಹಕರ ಹತ್ತಿರ ಇರುವ ಪರ್ಚೇಸ್ ಆರ್ಡರ್‌ಗೂ ಸರ್ವಿಸ್ ರಿಪೋರ್ಟ್‌ಗೂ ಬಿಲ್ಲಿಗೂ ಹೆಸರು ಹೊಂದುವುದಿಲ್ಲ, ವಾಪಸ್ ಬರುತ್ತದೆ. ಈ ತಲೆನೋವೇ ಬೇಡ ಎಂದರೆ ಸೆಪ್ಟೆಂಬರ್ 30ರ ಸಂಜೆಯೊಳಗೆ ಬಾಕಿ ಇರುವ ಎಲ್ಲ ಕೆಲಸದ ಬಿಲ್ ಹಾಕಿ ಮುಗಿಸಿ.

ಮುಂಗಡ ಕಟ್ಟಿದ ಎಎಂಸಿಯ ಕತೆ ಬೇರೆ. ನರ್ಸಿಂಗ್ ಹೋಮ್ ಒಂದು ಏಪ್ರಿಲ್‌ನಲ್ಲಿ ಇಡೀ ವರ್ಷಕ್ಕೆ 60,000 ರೂಪಾಯಿ, ಮೇಲೆ ಶೇ. 18ರ ಜಿಎಸ್‌ಟಿ 10,800, ಒಟ್ಟು 70,800 ರೂಪಾಯಿಯ ಬಿಲ್ ಪಡೆದು ಕಟ್ಟಿದೆ. ಅಕ್ಟೋಬರ್ 1ಕ್ಕೆ ಆರು ತಿಂಗಳ ಕೆಲಸ ಬಾಕಿ, ಅಂದರೆ 30,000 ರೂಪಾಯಿಯ ಸೇವೆ. ದುಡ್ಡು ಹಳೇ ಕಂಪನಿ ಹತ್ತಿರ ಇದೆ, ಕೆಲಸ ಹೊಸ ಕಂಪನಿ ಮಾಡಬೇಕು.

ಇದಕ್ಕೆ ಎರಡು ದಾರಿ. ಒಂದು, ಆ ಬಿಲ್ಲನ್ನು ಮುಟ್ಟದೇ ಬಿಡುವುದು. ಉಳಿದ 30,000ದ ಲೆಕ್ಕವನ್ನು ಎರಡು ಕಂಪನಿಗಳು ಮಾರಾಟದ ಬೆಲೆಯಲ್ಲಿ ತಮ್ಮೊಳಗೇ ಹೊಂದಿಸಿಕೊಳ್ಳುತ್ತವೆ. ಗ್ರಾಹಕರಿಗೆ ಹೋಗುವುದು ಒಂದು ಸಾಲು: ಮಾರ್ಚ್ 31ರವರೆಗಿನ ಸೇವೆಯನ್ನು ಹೊಸ ಕಂಪನಿ ಇದೇ ಬಿಲ್ಲಿನ ಮೇಲೆ ಕೊಡುತ್ತದೆ. ಇನ್ನೊಂದು ದಾರಿಯಲ್ಲಿ ಹಳೇ ಕಂಪನಿ 30,000 ಮತ್ತು ಅದರ ಜಿಎಸ್‌ಟಿ 5,400 ಸೇರಿ 35,400 ರೂಪಾಯಿಗೆ ಕ್ರೆಡಿಟ್ ನೋಟ್ ಕೊಡುತ್ತದೆ, ಹೊಸ ಕಂಪನಿ ಅಷ್ಟೇ ಮೊತ್ತದ ಹೊಸ ಬಿಲ್ ಹಾಕುತ್ತದೆ. ಗ್ರಾಹಕರು ಆ 5,400ಕ್ಕೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಅದನ್ನು ವಾಪಸ್ ಮಾಡಿ, ಹೊಸ ಬಿಲ್ಲಿನ ಮೇಲೆ ಮತ್ತೆ ತೆಗೆದುಕೊಳ್ಳಬೇಕು.

ನನ್ನ ಮಟ್ಟಿಗೆ ಸಣ್ಣ ಗ್ರಾಹಕರಿಗೆ ಮೊದಲ ದಾರಿಯೇ ಸರಿ. ಎರಡನೆಯದು ಲೆಕ್ಕ ತಪಾಸಣೆ ಬಿಗಿಯಿರುವ ದೊಡ್ಡ ಸಂಸ್ಥೆಗಳು ತಾವಾಗಿ ಕೇಳಿದರೆ ಮಾತ್ರ. ಯಾವುದನ್ನೇ ಆರಿಸಿ, ಎರಡೂ ಕಂಪನಿಗಳ ಸಿಎಗಳು ಮೊದಲು ಒಪ್ಪಲಿ. ಎರಡನೇ ದಾರಿಯಲ್ಲಿ ಗ್ರಾಹಕರ ಜೇಬಿನಿಂದ ಮತ್ತೆ ದುಡ್ಡು ಹೊರಡಬಾರದು. "ಹೊಸ ಬಿಲ್ಲಿಗೆ 35,400 ಕಟ್ಟಿ, ಹಳೆಯದು ಆಮೇಲೆ ವಾಪಸ್ ಬರುತ್ತದೆ" ಎಂದು ಕೇಳುವುದು ನ್ಯಾಯವಲ್ಲ. ಹಳೇ ಕಂಪನಿ ಕೊಡಬೇಕಾದ 35,400ನ್ನು ನೇರವಾಗಿ ಹೊಸ ಕಂಪನಿಗೆ ಕೊಡುತ್ತದೆ, ಗ್ರಾಹಕರ ಬಾಕಿ ಸೊನ್ನೆ ಎಂದು ಮೂವರೂ ಒಪ್ಪಿದ ಒಂದು ಕಾಗದ ಇರಲಿ.

ಈಗ ಬಾಕಿ ಬಿಲ್ಲುಗಳು. ಕಾಲೇಜೊಂದು ಮೂರು ತಿಂಗಳಿಗೊಮ್ಮೆ ಕಟ್ಟುತ್ತದೆ. ಜುಲೈ-ಸೆಪ್ಟೆಂಬರ್ ಬಿಲ್ ಹಳೇ ಕಂಪನಿಯದು, ದುಡ್ಡು ಬರುವುದು ನವೆಂಬರ್‌ನಲ್ಲಿ. ಆ ದುಡ್ಡು ಯಾರಿಗೆ ಎಂಬುದು ಮಾರಾಟದ ಒಪ್ಪಂದದಲ್ಲಿ ಇರುತ್ತದೆ. ಹಳೇ ಬಾಕಿ ಹಳೇ ಕಂಪನಿಗೇ ಉಳಿದಿದ್ದರೆ ಗ್ರಾಹಕರು ಹಳೇ ಖಾತೆಗೇ ಕಟ್ಟಬೇಕು. ಬಾಕಿಯನ್ನೂ ಹೊಸ ಕಂಪನಿ ಕೊಂಡಿದ್ದರೆ ಅದನ್ನು ಗ್ರಾಹಕರಿಗೆ ಲಿಖಿತವಾಗಿ ತಿಳಿಸಬೇಕು. ಆಸ್ತಿ ವರ್ಗಾವಣೆ ಕಾಯ್ದೆಯ 131ನೇ ಸೆಕ್ಷನ್ ಪ್ರಕಾರ ಈ ನೋಟಿಸ್‌ಗೆ ವರ್ಗಾಯಿಸುವವರು, ಅಂದರೆ ಹಳೇ ಕಂಪನಿಯವರು, ಸಹಿ ಹಾಕಬೇಕು. ಪಡೆಯುವವರ ಹೆಸರು, ವಿಳಾಸ ಅದರಲ್ಲಿ ಇರಬೇಕು. ನೋಟಿಸ್ ತಲುಪುವ ಮೊದಲು ಗ್ರಾಹಕರು ಹಳೇ ಖಾತೆಗೆ ಕಟ್ಟಿಬಿಟ್ಟರೆ ಅವರ ಸಾಲ ತೀರಿದಂತೆಯೇ. ಹೊಸ ಕಂಪನಿ ಆಮೇಲೆ ಅವರನ್ನು ಕೇಳುವ ಹಾಗಿಲ್ಲ, ಹಳೇ ಕಂಪನಿಯನ್ನೇ ಕೇಳಬೇಕು.

ಟಿಡಿಎಸ್ ವಿಷಯದಲ್ಲಿ ಅಕೌಂಟೆಂಟ್‌ಗಳು ಎಡವುವುದು ಇಲ್ಲೇ. ದುಡ್ಡು ಹೊಸ ಖಾತೆಗೆ ಹೋದರೂ, ಹಳೇ ಬಿಲ್ಲಿನ ಮೇಲಿನ ಟಿಡಿಎಸ್ ಹಳೇ ಪ್ಯಾನ್‌ಗೇ ಜಮೆಯಾಗಬೇಕು. ಪ್ಯಾನ್ ಬಿಲ್ಲನ್ನು ಹಿಂಬಾಲಿಸುತ್ತದೆ, ಬ್ಯಾಂಕ್ ಖಾತೆಯನ್ನಲ್ಲ. ಎರಡನೇ ಪತ್ರದಲ್ಲಿ ಇದನ್ನು ಒಂದು ಸಾಲಾಗಿ ಬರೆದರೆ ಮುಂದಿನ ವರ್ಷ ಟಿಡಿಎಸ್ ಲೆಕ್ಕ ಹೊಂದಿಸುವಾಗ ಎಷ್ಟೋ ಫೋನ್ ಕರೆ ಉಳಿಯುತ್ತವೆ.

ಹಂತ 6: ಅಕೌಂಟ್ಸ್‌ಗೆ ಎರಡನೇ ಪತ್ರ

ಇದರ ಜೊತೆ ಹೊಸ ಕಂಪನಿಯ ಪ್ಯಾನ್ ಪ್ರತಿ, ಜಿಎಸ್‌ಟಿ ಪ್ರಮಾಣಪತ್ರ, ರದ್ದು ಮಾಡಿದ ಚೆಕ್ಕು, ಮತ್ತು ವ್ಯವಹಾರ ವರ್ಗಾವಣೆಯಾಗಿದೆ ಎಂದು ಇಬ್ಬರೂ ಸಹಿ ಹಾಕಿದ ಒಂದು ಪುಟದ ದೃಢೀಕರಣ ಇರಬೇಕು. ಮಾರಾಟದ ಒಪ್ಪಂದವನ್ನೇ ಕಳಿಸಬೇಡಿ, ಅದರಲ್ಲಿ ಬೆಲೆ ಇರುತ್ತದೆ. ದೊಡ್ಡ ಗ್ರಾಹಕರು ತಮ್ಮದೇ ವೆಂಡರ್ ಫಾರ್ಮ್ ಕೊಡುತ್ತಾರೆ, ಅದನ್ನು ನೀವೇ ಕೇಳಿ ತರಿಸಿಕೊಂಡು ತುಂಬಿಸಿ.

ಹೊಸ ಕಂಪನಿಯ ವಹಿವಾಟು ಐದು ಕೋಟಿ ದಾಟಿದ್ದರೆ ಅದರ ಬಿಲ್ ಇ-ಇನ್‌ವಾಯ್ಸ್ ಆಗಿ ಬರುತ್ತದೆ, ಕ್ಯೂಆರ್ ಕೋಡ್ ಮತ್ತು ಉದ್ದನೆಯ ಐಆರ್‌ಎನ್ ನಂಬರ್ ಇರುತ್ತದೆ. ಹಳೇ ಕಂಪನಿಯ ಸಾದಾ ಬಿಲ್ ನೋಡಿದವರಿಗೆ ಇದು ಹೊಸದು, ಒಂದು ಮಾದರಿ ಲಗತ್ತಿಸಿ. ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ ಅವಕಾಶ. ಹಾಗಾಗಿ ಗ್ರಾಹಕರ ಸರಿಯಾದ ಹೆಸರು, ಜಿಎಸ್‌ಟಿ ನಂಬರ್, ಪರ್ಚೇಸ್ ಆರ್ಡರ್ ನಂಬರ್ ಇದೇ ಪತ್ರದಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಈಗ ಬ್ಯಾಂಕ್ ಖಾತೆ. "ನಮ್ಮ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ" ಎಂಬ ಇಮೇಲ್ ವಂಚಕರು ಕಳಿಸುವ ಇಮೇಲ್‌ನ ತದ್ರೂಪ. ಕಂಪನಿ ಮಾರಾಟದ ಸುದ್ದಿ ಹರಡಿದಾಗ ಇಂಥ ಮೋಸಕ್ಕೆ ನೆಲ ಹದವಾಗಿರುತ್ತದೆ, ಗ್ರಾಹಕರು ಹೇಗೂ ಖಾತೆ ಬದಲಾವಣೆ ಎದುರು ನೋಡುತ್ತಿರುತ್ತಾರೆ. ನಿಮ್ಮ ಪತ್ರವನ್ನು ಅವರು ಅನುಮಾನದಿಂದಲೇ ನೋಡಬೇಕು, ಅದಕ್ಕೆ ನೀವೇ ದಾರಿ ಮಾಡಿಕೊಡಿ. ಪತ್ರದಲ್ಲಿ ಹೀಗೆ ಬರೆಯಿರಿ: "ಹೊಸ ಖಾತೆಗೆ ಹಣ ಹಾಕುವ ಮೊದಲು, ನಿಮ್ಮಲ್ಲಿ ಮೊದಲಿನಿಂದ ಇರುವ ನಮ್ಮ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಈ ಪತ್ರದಲ್ಲಿರುವ ನಂಬರಿಗೆ ಬೇಡ. ಮೊದಲು ಒಂದು ರೂಪಾಯಿ ಹಾಕಿ, ಖಾತೆದಾರರ ಹೆಸರು ನೋಡಿ. ಇದಾದ ಮೇಲೆ ನಾವು ಮತ್ತೆ ಖಾತೆ ಬದಲಿಸುವುದಿಲ್ಲ." ಹಣ ತಪ್ಪು ಖಾತೆಗೆ ಹೋದದ್ದು ಗೊತ್ತಾದರೆ ತಕ್ಷಣ ಬ್ಯಾಂಕಿಗೆ ತಿಳಿಸಬೇಕು, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ನಂಬರೂ ಪತ್ರದಲ್ಲಿರಲಿ.

ಹಳೇ ಖಾತೆಯನ್ನು ಅಕ್ಟೋಬರ್ 1ಕ್ಕೇ ಮುಚ್ಚಬೇಡಿ. ಕರ್ನಾಟಕದವರಿಗೆ ಇದಕ್ಕೆ ಕಣ್ಣೆದುರಿನ ನಿದರ್ಶನ ಇದೆ. ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕ್ ಜೊತೆ ವಿಲೀನವಾದದ್ದು 2020ರ ಏಪ್ರಿಲ್ 1ಕ್ಕೆ. SYNB ಎಂದು ಶುರುವಾಗುವ ಹಳೇ ಐಎಫ್‌ಎಸ್‌ಸಿ ಕೋಡ್‌ಗಳು ನಿಂತದ್ದು 2021ರ ಜುಲೈ 1ಕ್ಕೆ. ಆಮೇಲೆ CNRB ಕೋಡ್ ಮಾತ್ರ. ಅಂದರೆ ಹಳೆಯದೂ ಹೊಸದೂ 15 ತಿಂಗಳು ಅಕ್ಕಪಕ್ಕ ನಡೆದವು. ಸಾವಿರಾರು ಬಿಲ್‌ಗಳ ಮೇಲೆ ಅಚ್ಚಾದ, ಸಂಬಳದ ಫೈಲ್‌ಗಳಲ್ಲಿ ಕೂತ ಕೋಡ್ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಸಣ್ಣ ಕಂಪನಿಗೆ 15 ತಿಂಗಳು ಬೇಕಿಲ್ಲದಿರಬಹುದು, ಆರು ತಿಂಗಳಂತೂ ಬೇಕು.

ಹಂತ 7: ಅಕ್ಟೋಬರ್ 1ರ ಬೆಳಿಗ್ಗೆ

ಸೇವೆ ನಿಲ್ಲದಂತೆ ನೋಡಿಕೊಳ್ಳುವುದು ಸಣ್ಣ ಸಣ್ಣ ವಸ್ತುಗಳ ಕೆಲಸ. ದೂರಿನ ಫೋನ್ ನಂಬರ್ ಯಾರ ಹೆಸರಲ್ಲಿದೆ ನೋಡಿ. ಎಷ್ಟೋ ಕಡೆ ಅದು ಹಳೇ ಮಾಲೀಕರ ಸ್ವಂತ ಸಿಮ್ ಆಗಿರುತ್ತದೆ, ಅವರ ಬ್ಯಾಂಕ್ ಒಟಿಪಿಯೂ ಅದಕ್ಕೇ ಬರುತ್ತಿರುತ್ತದೆ. ಅಂಥ ನಂಬರ್ ಕೊಡಲು ಅವರು ಹಿಂಜರಿಯುವುದು ಸಹಜ. ಒಟಿಪಿ ಬೇರೆ ನಂಬರಿಗೆ ಬದಲಿಸಿಕೊಳ್ಳಲು ಸಮಯ ಕೊಟ್ಟು, ನಂಬರಿನ ಮಾಲೀಕತ್ವವನ್ನು ಸೆಪ್ಟೆಂಬರ್‌ನಲ್ಲೇ ಹೊಸ ಕಂಪನಿಗೆ ಬರೆಸಿಕೊಳ್ಳಿ. ಹಳೇ ಇಮೇಲ್ ಡೊಮೇನ್ ಕನಿಷ್ಠ ಒಂದು ವರ್ಷ ನವೀಕರಿಸಿಡಿ. ಅದು ಕೈತಪ್ಪಿ ಬೇರೆಯವರ ಪಾಲಾದರೆ, ನಿಮ್ಮ ಹೆಸರಲ್ಲಿ ಗ್ರಾಹಕರಿಗೆ ಇಮೇಲ್ ಕಳಿಸುವುದು ಅವರಿಗೆ ಸುಲಭ.

ಎಂಜಿನಿಯರ್‌ನ ಗುರುತಿನ ಚೀಟಿ ಎಲ್ಲರೂ ಮರೆಯುವ ವಸ್ತು. ಬ್ಯಾಂಕ್ ಶಾಖೆಯ ಸೆಕ್ಯುರಿಟಿ ಹತ್ತಿರ ಇರುವ ಪಟ್ಟಿಯಲ್ಲಿ ಹಳೇ ಕಂಪನಿಯ ಹೆಸರಿದೆ. ಹುಡುಗ ಹೊಸ ಕಂಪನಿಯ ಚೀಟಿ ತೋರಿಸಿದರೆ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಹತ್ತು ವರ್ಷದ ಪರಿಚಯ ಇದ್ದರೂ ಅಷ್ಟೇ. ಬಂದುಹೋಗುವ ಎಂಜಿನಿಯರ್‌ಗಳ ಹೆಸರು, ಫೋಟೋ ಇರುವ ಪತ್ರವನ್ನು ಪ್ರತಿ ಶಾಖೆಗೂ ಮುಂಚೆಯೇ ಕೊಡಿ. ಮೊದಲ ತಿಂಗಳು ಎರಡೂ ಚೀಟಿ ಜೇಬಿನಲ್ಲಿರಲಿ ಎನ್ನುವವರಿದ್ದಾರೆ. ಅದು ಬೇಡ, ಹಳೇ ಚೀಟಿ ಸೆಪ್ಟೆಂಬರ್ 30ಕ್ಕೆ ವಾಪಸ್ ಪಡೆಯಿರಿ.

ಸೆಪ್ಟೆಂಬರ್ 30ಕ್ಕೆ ಬಾಕಿ ಉಳಿದ ದೂರುಗಳ ಪಟ್ಟಿ ಮಾಡಿ, ಆ ಗ್ರಾಹಕರಿಗೆ ಮಾತ್ರ ಮರುದಿನ ಬೆಳಿಗ್ಗೆ ಫೋನ್ ಮಾಡಿ: "ನಿಮ್ಮ ದೂರು ನಮ್ಮ ಹತ್ತಿರ ಇದೆ, ಇಂಥವರು ಇಷ್ಟೊತ್ತಿಗೆ ಬರುತ್ತಾರೆ." ಬ್ಯಾಟರಿ ವಾರಂಟಿಯನ್ನೂ ಆಗಲೇ ಗಮನಿಸಿ. ಆಗಸ್ಟ್‌ನಲ್ಲಿ ಹಳೇ ಕಂಪನಿ ಹಾಕಿದ ಬ್ಯಾಟರಿ ಡಿಸೆಂಬರ್‌ನಲ್ಲಿ ಕೆಟ್ಟರೆ ಗ್ರಾಹಕರು ನಿಮ್ಮನ್ನೇ ಕೇಳುತ್ತಾರೆ. ತಯಾರಕರ ವಾರಂಟಿ ಪಡೆಯಲು ಸೀರಿಯಲ್ ನಂಬರ್ ಮತ್ತು ಹಳೇ ಬಿಲ್ ಬೇಕು. ಅವೆರಡರ ಪಟ್ಟಿ ಕೈಗೆ ಬರದೆ ವ್ಯವಹಾರ ಒಪ್ಪಿಕೊಳ್ಳಬೇಡಿ.

ಹಂತ 8: ಮೊದಲ ಮೂರು ತಿಂಗಳು ಏನು ನೋಡಬೇಕು

ಪತ್ರ ಕೆಲಸ ಮಾಡಿತೋ ಇಲ್ಲವೋ ಎಂದು ಬ್ಯಾಂಕ್ ಪಾಸ್‌ಬುಕ್ಕೇ ಹೇಳುತ್ತದೆ. ಪ್ರತಿ ಸೋಮವಾರ ಹಳೇ ಖಾತೆಗೆ ಬಂದ ಹಣ ನೋಡಿ. ಹೊಸ ಕಂಪನಿಯ ಬಿಲ್ಲಿಗೆ ಯಾರಾದರೂ ಹಳೇ ಖಾತೆಗೆ ಕಟ್ಟಿದ್ದರೆ ಆ ಅಕೌಂಟೆಂಟ್‌ಗೆ ಪತ್ರ ತಲುಪಿಲ್ಲ. ಹಣ ವರ್ಗಾಯಿಸಿಕೊಂಡು ಸುಮ್ನಾಗಬೇಡಿ. ಫೋನ್ ಮಾಡಿ, ಇಲ್ಲದಿದ್ದರೆ ಮುಂದಿನ ತ್ರೈಮಾಸಿಕದಲ್ಲೂ ಅದೇ ಆಗುತ್ತದೆ. ಬಿಲ್ ಹಾಕಿ ಮೂವತ್ತು ದಿನವಾದರೂ ಸದ್ದೇ ಇಲ್ಲದ ಗ್ರಾಹಕರಲ್ಲಿ ಬಹಳ ಸಲ ಹೊಸ ವೆಂಡರ್ ಕೋಡ್ ತೆರೆದಿರುವುದಿಲ್ಲ, ಬಿಲ್ ಮೇಜಿನ ಮೇಲೆ ಬಿದ್ದಿರುತ್ತದೆ. ಒಪ್ಪಿಗೆ ಪತ್ರ ವಾಪಸ್ ಬಾರದವರ ಪಟ್ಟಿಯನ್ನೂ ಜೊತೆಗಿಟ್ಟು ಒಂದೇ ಕರೆಯಲ್ಲಿ ಎರಡನ್ನೂ ಕೇಳಿ.

ಹಳೇ ಕಂಪನಿಯ ಜಿಎಸ್‌ಟಿ ನೋಂದಣಿ ರದ್ದು ಮಾಡಲು ಅವಸರ ಬೇಡ. ಹಳೇ ಬಿಲ್ಲಿನಲ್ಲಿ ತಪ್ಪು ಸಿಕ್ಕರೆ ಅದಕ್ಕೆ ಕ್ರೆಡಿಟ್ ನೋಟ್ ಕೊಡಬೇಕಾದದ್ದು ಹಳೇ ನಂಬರಿನಿಂದಲೇ. ಹೊಸ ಕಂಪನಿ ಅದನ್ನು ತಿದ್ದಲು ಆಗುವುದಿಲ್ಲ. ಕ್ರೆಡಿಟ್ ನೋಟ್‌ಗೆ ಕಾನೂನು ಕೊಡುವ ಗಡುವು ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಎರಡರಲ್ಲಿ ಯಾವುದು ಮೊದಲೋ ಅದು. ಅಕ್ಟೋಬರ್ 1ಕ್ಕೆ ಕೈ ಬದಲಾದ ನಮ್ಮ ಉದಾಹರಣೆಯಲ್ಲಿ ಅದು ಹೆಚ್ಚೆಂದರೆ 14 ತಿಂಗಳು. ಅಷ್ಟು ದಿನ ಕಾಯಲು ಹಳೇ ಮಾಲೀಕರಿಗೆ ಇಷ್ಟವಿಲ್ಲದಿದ್ದರೆ, ನೋಂದಣಿ ಮತ್ತು ಖಾತೆ ಮುಚ್ಚುವ ತಾರೀಕನ್ನು ಒಂದು ತಿಂಗಳು ಮುಂಚೆ ಎಲ್ಲ ಗ್ರಾಹಕರಿಗೆ ಬರೆಯಿರಿ. ಹಳೇ ಬಿಲ್ಲುಗಳ ಬಗ್ಗೆ ಏನೇ ತಕರಾರು ಇದ್ದರೂ ಆ ದಿನದೊಳಗೆ ತಿಳಿಸಿ ಎಂದು ಕೇಳಿ, ಆ ಪತ್ರದಲ್ಲೂ ಇಬ್ಬರ ಸಹಿ ಇರಲಿ.